ಮೂರು ತಿಂಗಳು ಹಿಂದಕ್ಕೆ ಎಣಿಸಿ

ಬೆಂಗಳೂರಿಗೆ ಹೊಸದಾಗಿ ಬಂದು ನೆಲೆಸಿದವರ ಬಾಯಲ್ಲಿ ಮೊದಲ ವರ್ಷ ಒಮ್ಮೆಯಾದರೂ ಬರುವ ಮಾತು: ‘ಇಲ್ಲಿಯ ನೀರು ತಲೆಗೆ ಆಗಿಬರಲಿಲ್ಲ.’ ಬಚ್ಚಲಿನ ಜಾಲರಿಯಲ್ಲಿ ಕೂದಲಿನ ಉಂಡೆ, ದಿಂಬಿನ ಮೇಲೆ ನಾಲ್ಕಾರು, ಬಾಚಣಿಗೆಯಲ್ಲಿ ಒಂದು ಸುತ್ತು. ಊರಲ್ಲಿ ಹೀಗಿರಲಿಲ್ಲ, ಇಲ್ಲಿಗೆ ಬಂದಮೇಲೆ ಹೀಗಾಯಿತು, ಬದಲಾದದ್ದು ನೀರು, ಹಾಗಾಗಿ ನೀರೇ ಕಾರಣ. ಈ ಲೆಕ್ಕದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಸ್ವಲ್ಪವನ್ನೇ ಪೂರ್ತಿ ಎಂದುಕೊಂಡು ಎಷ್ಟೋ ಜನ ನಲ್ಲಿಗೆ ಫಿಲ್ಟರ್ ಹಾಕಿಸಿ, ಎಣ್ಣೆಯ ಮೇಲೆ ಎಣ್ಣೆ ಬದಲಾಯಿಸಿ, ನಿಜವಾದ ಕಾರಣದ ಕಡೆ ತಿರುಗಿಯೂ ನೋಡದೆ ತಿಂಗಳುಗಟ್ಟಲೆ ಕಳೆಯುತ್ತಾರೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಿದ್ದ ಕೂದಲನ್ನೇ. ಬಾಚಿದಾಗ ಬಂದದ್ದರಲ್ಲಿ ಹತ್ತಿಪ್ಪತ್ತು ಕೂದಲನ್ನು ಬಿಡಿಸಿ ಒಂದು ಕಪ್ಪು ಬಟ್ಟೆಯ ಮೇಲೆ ಹರಡಿ, ಬೆಳಕಿಗೆ ಹಿಡಿದು ನೋಡಿ. ಕೂದಲು ನಿಮ್ಮ ಜಡೆಯಷ್ಟೇ ಉದ್ದವಾಗಿದ್ದು ಒಂದು ತುದಿಯಲ್ಲಿ ಚಿಕ್ಕ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ ಕೂದಲು. ಗಿಡ್ಡವಾಗಿದ್ದು ಎರಡೂ ತುದಿಯಲ್ಲಿ ಗಂಟಿಲ್ಲದಿದ್ದರೆ ಅದು ನಡುವೆ ತುಂಡಾದ ಕೂದಲು. ಬಿಳಿ ಗಂಟು ಕಂಡವರು ‘ಅಯ್ಯೋ, ಬೇರುಸಮೇತ ಕಿತ್ತು ಬಂದಿದೆ’ ಎಂದು ಹೆದರುತ್ತಾರೆ. ಅದು ಬೇರಲ್ಲ. ಕೂದಲನ್ನು ಹುಟ್ಟಿಸುವ ಭಾಗ ಚರ್ಮದೊಳಗೆ ಅಲ್ಲೇ ಉಳಿದಿರುತ್ತದೆ. ಬೆಳೆದು ಮುಗಿದ ಕೂದಲಿನ ಬುಡ ಗಟ್ಟಿಯಾಗಿ ಬಣ್ಣ ಕಳೆದುಕೊಳ್ಳುತ್ತದೆ, ಆ ಗಂಟು ಅಷ್ಟೇ. ಅಡಿಕೆ ಮರದ ಒಣ ಸೋಗೆ ತಾನಾಗಿ ಕಳಚಿ ಬಿದ್ದ ಹಾಗೆ ಅದು ಬಿದ್ದಿದೆ. ಮರಕ್ಕೆ ಏನೂ ಆಗಿಲ್ಲ.

ತುಂಡಾಗುವುದು, ಉದುರುವುದು ಎರಡೂ ಬೇರೆ ಬೇರೆ ಸಂಗತಿ. ನೀರಿನ ಕೈವಾಡ ಇರುವುದು ಮೊದಲನೆಯದರಲ್ಲಿ.

ಮಲೆನಾಡಿನ, ಕರಾವಳಿಯ ಬಾವಿ ಮತ್ತು ಹಳ್ಳದ ನೀರು ಸಾಮಾನ್ಯವಾಗಿ ಮೆದು. ಮಳೆ ಹೆಚ್ಚು, ನೀರು ಕಲ್ಲಿನ ಆಳದಲ್ಲಿ ಬಹುಕಾಲ ನಿಲ್ಲುವುದಿಲ್ಲ, ಹಾಗಾಗಿ ಅದರಲ್ಲಿ ಕರಗಿದ ಸುಣ್ಣದ ಅಂಶ ಕಡಿಮೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಿಗೂ ಇದು ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಬೋರ್‌ವೆಲ್ ನೀರಿನದು. ನೂರಾರು ಅಡಿ ಆಳದ ಬಂಡೆಯ ಬಿರುಕುಗಳಲ್ಲಿ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಾಗಿ ಕರಗಿರುತ್ತದೆ. ಟ್ಯಾಂಕರ್‌ನಲ್ಲಿ ಬರುವುದೂ ಹೆಚ್ಚಾಗಿ ಇದೇ ನೀರು. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಗೊತ್ತುಮಾಡಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ. ಈ ಸಂಖ್ಯೆ ನಿಮ್ಮ ಮನೆಯಲ್ಲಿ ಎಷ್ಟೆಂದು ತಿಳಿಯಲು ಕಾಯಬೇಕಿಲ್ಲ. ಬಕೆಟ್ಟಿನ ಒಳಗೋಡೆಯಲ್ಲಿ ಬಿಳಿ ಕರೆ, ನಲ್ಲಿಯ ಬಾಯಲ್ಲಿ ಪುಡಿ, ಸೋಪು ಎಷ್ಟು ತಿಕ್ಕಿದರೂ ಬಾರದ ನೊರೆ, ಇವೇ ಸಾಕ್ಷಿ.

ಗಡಸು ನೀರಿನ ಸುಣ್ಣ ಸೋಪಿನ ಜೊತೆ ಸೇರಿದರೆ ಕರಗದ ಅಂಟಂಟು ಕೊಳೆಯಾಗುತ್ತದೆ. ಮೈಸೋಪಿನಲ್ಲೇ ತಲೆ ತೊಳೆಯುವ ಗಂಡಸರ ತಲೆಯಲ್ಲಿ ಇದು ಹೆಚ್ಚು. ಶಾಂಪೂ ಈ ಕೊಳೆಯನ್ನು ಅಷ್ಟಾಗಿ ಮಾಡುವುದಿಲ್ಲ, ಆದರೂ ಕ್ಯಾಲ್ಸಿಯಂ ಕೂದಲಿನ ಮೇಲ್ಪದರಕ್ಕೆ ಅಂಟಿಕೊಳ್ಳುತ್ತದೆ. ನಯವಾಗಿದ್ದ ಕೂದಲು ತರಗಾಗುತ್ತದೆ, ಒಂದಕ್ಕೊಂದು ಉಜ್ಜಿ ಸಿಕ್ಕಾಗುತ್ತದೆ, ಸಿಕ್ಕು ಬಿಡಿಸುವಾಗ ತುಂಡಾಗುತ್ತದೆ. ಬೆಂಗಳೂರಿನ ಚಳಿಗಾಲದ ಒಣಹವೆ, ಆಫೀಸಿನ ಎಸಿ ಇದಕ್ಕೆ ಒತ್ತಾಸೆಯಾಗುತ್ತವೆ. ಇಷ್ಟಾದರೂ ಇದೆಲ್ಲ ನಡೆಯುವುದು ಚರ್ಮದಿಂದ ಹೊರಗೆ ಬಂದ, ಜೀವವಿಲ್ಲದ ಎಳೆಯ ಮೇಲೆ. ಚರ್ಮದೊಳಗಿನ ಬುಡಕ್ಕೆ ಸ್ನಾನದ ನೀರಿನ ಸುಣ್ಣ ಇಳಿದು ಕೂದಲನ್ನು ಉದುರಿಸುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ತುಂಡಾಗುವ ವಿಷಯದಲ್ಲೂ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. 2013ರಲ್ಲಿ ಭಾರತದ ಚರ್ಮವೈದ್ಯರು ನಡೆಸಿದ ಪರೀಕ್ಷೆಯಲ್ಲಿ ಗಡಸು ನೀರಿನಲ್ಲಿ ನೆನೆಸಿದ ಕೂದಲಿನ ಬಲ ಕಡಿಮೆಯಾಗಿರಲಿಲ್ಲ. 2018ರಲ್ಲಿ ಪಾಕಿಸ್ತಾನದಲ್ಲಿ ಗಂಡಸರ ಕೂದಲಿನ ಮೇಲೆ ನಡೆದ ಪರೀಕ್ಷೆಯಲ್ಲಿ ಕಡಿಮೆಯಾಗಿತ್ತು.

ಇನ್ನೊಂದು ಸಂಗತಿಯನ್ನೂ ನಮ್ಮ ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯವರು ಬಲ್ಲರು. ದುಬೈ, ಅಬುಧಾಬಿಗೆ ದುಡಿಯಲು ಹೋದವರೂ ‘ಅಲ್ಲಿಯ ನೀರಿಗೆ ಕೂದಲೆಲ್ಲ ಹೋಯಿತು’ ಎನ್ನುತ್ತಾರೆ. ಅಲ್ಲಿಯ ನಲ್ಲಿಯಲ್ಲಿ ಬರುವುದು ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದ ನೀರು. ಅದರಲ್ಲಿ ಸುಣ್ಣದ ಅಂಶ ಬೆಂಗಳೂರಿನ ಬೋರ್ ನೀರಿಗಿಂತ ಎಷ್ಟೋ ಕಡಿಮೆ. ಗಡಸು ನೀರಿನ ಊರಿಗೆ ಹೋದವರದೂ ಮೆದು ನೀರಿನ ಊರಿಗೆ ಹೋದವರದೂ ಒಂದೇ ದೂರು ಎಂದಮೇಲೆ, ಇಬ್ಬರಿಗೂ ಸಮಾನವಾದ ಬೇರೆ ಕಾರಣವನ್ನು ಹುಡುಕಬೇಕು. ಅದು ಊರು ಬಿಟ್ಟದ್ದೇ.

ಇದು ಅರ್ಥವಾಗಬೇಕಾದರೆ ತಲೆಯ ಮೇಲೆ ದಿನವೂ ನಡೆಯುವ ಲೆಕ್ಕವನ್ನು ಸ್ವಲ್ಪ ತಿಳಿದಿರಬೇಕು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಪ್ರತಿಯೊಂದೂ ಎರಡರಿಂದ ಆರು ವರ್ಷ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಬೆಳವಣಿಗೆ ನಿಲ್ಲುತ್ತದೆ. ನಿಂತ ಕೂದಲು ಕೂಡಲೇ ಬೀಳುವುದಿಲ್ಲ. ಸುಮಾರು ಮೂರು ತಿಂಗಳು ಅಲ್ಲೇ ಕೂತಿರುತ್ತದೆ, ನಂತರ ಕಳಚಿಕೊಳ್ಳುತ್ತದೆ, ಅದೇ ಜಾಗದಲ್ಲಿ ಹೊಸದು ಹೊರಡುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ ಹತ್ತರಷ್ಟು ಕೂದಲು ಈ ವಿಶ್ರಾಂತಿಯಲ್ಲಿರುತ್ತದೆ. ಒಂದು ಲಕ್ಷಕ್ಕೆ ಹತ್ತು ಸಾವಿರ. ಅಷ್ಟೂ ನೂರು ದಿನದಲ್ಲಿ ಬಿದ್ದರೆ ದಿನಕ್ಕೆ ನೂರು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಎಂದು ವೈದ್ಯರು ಹೇಳುವ ಮಾತಿನ ಹಿಂದಿರುವುದು ಈ ಗಣಿತ.

ಈಗ ದೇಹಕ್ಕೆ ಒಂದು ದೊಡ್ಡ ಪೆಟ್ಟು ಬಿದ್ದಿತು ಎನ್ನಿ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ತೂಕ ತಟ್ಟನೆ ಇಳಿದದ್ದು, ತಡೆಯಲಾಗದ ಚಿಂತೆ. ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಅವಧಿಗೆ ಮುಂಚೆಯೇ ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ. ಹತ್ತು ಸಾವಿರದ ಜಾಗದಲ್ಲಿ ಮೂವತ್ತು ಸಾವಿರ ಕೂದಲು ವಿಶ್ರಾಂತಿಗೆ ಹೋದರೆ, ಎರಡು ಮೂರು ತಿಂಗಳಾದಮೇಲೆ ದಿನಕ್ಕೆ ನೂರರ ಬದಲು ಮುನ್ನೂರು ಬೀಳತೊಡಗುತ್ತದೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ. ಕಣ್ಣೆದುರಿಗಿರುವುದು ನಲ್ಲಿಯ ನೀರು. 1961ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಇದನ್ನು ವಿವರಿಸಿ ಟೆಲೊಜೆನ್ ಎಫ್ಲುವಿಯಂ ಎಂದು ಹೆಸರಿಟ್ಟರು. ವೈದ್ಯರ ಚೀಟಿಯಲ್ಲಿ ‘ಟಿ.ಇ.’ ಎಂದು ಬರೆದದ್ದು ಕಂಡರೆ ಅದು ಇದೇ.

ನನ್ನ ಅಕ್ಕನ ಮಗಳ ಕತೆ ಇದಕ್ಕೆ ಸರಿಯಾದ ಉದಾಹರಣೆ. ತೀರ್ಥಹಳ್ಳಿ ಕಡೆಯ ಹುಡುಗಿ. ಜೂನ್ ಮೊದಲ ವಾರ ಕೆಲಸಕ್ಕೆ ಸೇರಿ ಮಾರತ್ತಹಳ್ಳಿಯ ಒಂದು ಪಿಜಿಗೆ ಬಂದಳು. ಪೂರ್ತಿ ಟ್ಯಾಂಕರ್ ನೀರು. ಅಕ್ಟೋಬರ್ ಕೊನೆಯಲ್ಲಿ ಫೋನ್ ಮಾಡಿ ಅತ್ತಳು. “ಚಿಕ್ಕಮ್ಮ, ಜಡೆ ಅರ್ಧ ಆಗಿಹೋಗಿದೆ. ಈ ನೀರಲ್ಲಿದ್ದರೆ ಬೋಳಾಗ್ತೀನಿ, ಪಿಜಿ ಬದಲಾಯಿಸ್ತೀನಿ.” ಬಿದ್ದ ಕೂದಲಿನ ಫೋಟೊ ಕಳಿಸು ಎಂದೆ. ಕಳಿಸಿದಳು. ಹೆಚ್ಚಿನವೆಲ್ಲ ಉದ್ದವಾಗಿದ್ದವು, ಬುಡದಲ್ಲಿ ಬಿಳಿ ಗಂಟಿತ್ತು. ತುಂಡು ಕೂದಲೂ ಇತ್ತು, ಆದರೆ ಕಡಿಮೆ.

“ಜುಲೈನಲ್ಲಿ ಏನಾಗಿತ್ತು ನಿನಗೆ?” ಎಂದು ಕೇಳಿದೆ.

“ಏನೂ ಆಗಿರಲಿಲ್ಲ” ಎಂದವಳು ಒಂದು ಗಳಿಗೆ ಸುಮ್ಮನಿದ್ದು, “ಡೆಂಗಿ ಬಂದಿತ್ತಲ್ಲ ಚಿಕ್ಕಮ್ಮ, ನೀವೇ ಬಂದು ನೋಡ್ಕೊಂಡಿದ್ರಿ” ಎಂದಳು.

ಜುಲೈ ಕೊನೆಯ ವಾರ ಡೆಂಗಿ, ಅಕ್ಟೋಬರ್ ಕೊನೆಯಲ್ಲಿ ಕೂದಲು. ತಾರೀಕು ಸರಿಯಾಗಿ ಕೂಡಿತು. ಅದಕ್ಕೆ ಇನ್ನೆರಡು ಸೇರಿಕೊಂಡಿದ್ದವು. ಮನೆಯಲ್ಲಿದ್ದಾಗ ಬೆಳಿಗ್ಗೆ ದೋಸೆ, ಮಧ್ಯಾಹ್ನ ಸೊಪ್ಪು, ಕಾಳಿನ ಸಾರು ತಿನ್ನುತ್ತಿದ್ದವಳು ಪಿಜಿಗೆ ಬಂದಮೇಲೆ ತಿಂಡಿ ಬಿಟ್ಟಿದ್ದಳು, ರಾತ್ರಿ ಅನ್ನ ಮತ್ತು ನೀರು ಸಾರಿನಲ್ಲಿ ಮುಗಿಸುತ್ತಿದ್ದಳು; ಐದು ಕೆಜಿ ಇಳಿದಿದ್ದಳು. ರಾತ್ರಿ ಪಾಳಿಯಿಂದ ನಿದ್ದೆ ಕೆಟ್ಟಿತ್ತು. ಚರ್ಮವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12ರ ಮೇಲಿತ್ತು, ಥೈರಾಯ್ಡ್ ಸರಿಯಿತ್ತು, ಫೆರಿಟಿನ್ ಮಾತ್ರ 11. ಫೆರಿಟಿನ್ ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣದ ಅಳತೆ. ಆರೋಗ್ಯವಂತ ವಯಸ್ಕರಲ್ಲಿ ಅದು 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಮೋಗ್ಲೋಬಿನ್ ಸರಿಯಿದೆ, ರಕ್ತಹೀನತೆ ಇಲ್ಲ ಎಂದು ಇಲ್ಲಿಗೇ ಬಿಟ್ಟುಬಿಡುವವರು ಬಹಳ. ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುವ, ಸರಿಯಾಗಿ ಉಣ್ಣದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಇಳಿಯುವ ಮೊದಲೇ ಈ ಸಂಗ್ರಹ ಬರಿದಾಗಿರುತ್ತದೆ. ಇದೊಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವುದು ಯಾವ ಎಣ್ಣೆಗಿಂತಲೂ ಉಪಯುಕ್ತ ಎಂದು ನಾನು ನಂಬುತ್ತೇನೆ.

ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಅದನ್ನು ಕಾಫಿ, ಟೀ ಜೊತೆ ತೆಗೆದುಕೊಂಡರೆ ಹೀರಿಕೆ ತಗ್ಗುತ್ತದೆ, ನಿಂಬೆರಸದ ಜೊತೆ ಒಳ್ಳೆಯದು ಎಂದರು. ತಿಂಡಿ ಬಿಡಬಾರದು, ದಿನವೂ ಕಾಳು, ಮೊಟ್ಟೆ ಅಥವಾ ಮೊಸರು ಹೊಟ್ಟೆಗೆ ಹೋಗಬೇಕು ಎಂದರು. ತಲೆಗೆ ಹಚ್ಚಲು ಏನನ್ನೂ ಬರೆಯಲಿಲ್ಲ. ಅವಳಿಗೆ ಅದೇ ಬೇಸರ. ಜನವರಿಯ ಹೊತ್ತಿಗೆ ಉದುರುವುದು ಹಿಡಿತಕ್ಕೆ ಬಂತು. ಮಾರ್ಚಿನಲ್ಲಿ ಹಣೆಯಂಚಿನಲ್ಲಿ ಎರಡು ಬೆರಳುದ್ದದ ಹೊಸ ಕೂದಲು ನೆಟ್ಟಗೆ ನಿಂತು, ಎಷ್ಟು ಬಾಚಿದರೂ ಕೂರುತ್ತಿರಲಿಲ್ಲ. ಪಿಜಿ ಅದೇ, ಟ್ಯಾಂಕರ್ ಅದೇ, ನೀರೂ ಅದೇ.

ಹಾಗೆಂದು ಊರು ಬದಲಾಯಿಸಿದವರಿಗೆಲ್ಲ ಜ್ವರ ಬಂದಿರಬೇಕೆಂದಿಲ್ಲ. ಊಟ ಕೆಟ್ಟದ್ದು, ನಿದ್ದೆ ಕೆಟ್ಟದ್ದು, ಮನಸ್ಸು ಕೊರಗಿದ್ದು ಇವೇ ಸಾಕಾಗಬಹುದು. ಕಾರಣ ಸಿಗದೆಯೂ ಉದುರುವುದುಂಟು. ನೋಡಬೇಕಾದದ್ದು ಕ್ಯಾಲೆಂಡರ್. ಹೊಸ ಊರಿಗೆ ಬಂದ ಎರಡನೇ ವಾರಕ್ಕೇ ಬುಡದಿಂದ ಕೂದಲು ಉದುರತೊಡಗಿದರೆ ಅದಕ್ಕೆ ಹೊಸ ಊರು ಹೊಣೆಯಲ್ಲ. ಆ ಕೂದಲು ಬೆಳವಣಿಗೆ ನಿಲ್ಲಿಸಿದ್ದು ಪರೀಕ್ಷೆಯ ದಿನಗಳಲ್ಲೋ, ಮದುವೆಯ ಓಡಾಟದಲ್ಲೋ, ಹಳೆಯ ಊರಿನಲ್ಲಿದ್ದಾಗಲೇ. ಎರಡರಿಂದ ನಾಲ್ಕು ತಿಂಗಳಿಗೆ ಶುರುವಾದರೆ ಬಂದ ಹೊಸತರ ದಿನಗಳನ್ನು ನೆನೆಸಿಕೊಳ್ಳಿ. ತುಂಡಾಗುವ ಕೂದಲಿಗೆ ಈ ಲೆಕ್ಕವಿಲ್ಲ. ಅದು ವಾರದಿಂದ ವಾರಕ್ಕೆ ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ, ಅದಕ್ಕೂ ಮೊದಲು ಕೂದಲು ಕೈಗೆ ಒರಟಾಗುತ್ತದೆ.

ಸಹಜವಾದದ್ದೇ ಹೆಚ್ಚಾದಂತೆ ಕಾಣುವುದೂ ಇದೆ. ಊರಿನ ಮನೆಯ ಕೆಂಪು ನೆಲದ ಮೇಲೆ, ಕಲ್ಲು ಹಾಸಿದ ಬಚ್ಚಲಲ್ಲಿ ಬಿದ್ದ ಕೂದಲನ್ನು ಯಾರೂ ನೋಡುತ್ತಿರಲಿಲ್ಲ, ಅಮ್ಮ ಗುಡಿಸಿಬಿಡುತ್ತಿದ್ದಳು. ಪಿಜಿಯ ಬಿಳಿ ಟೈಲ್ಸ್ ಮೇಲೆ ಒಂದೊಂದೂ ಎದ್ದು ಕಾಣುತ್ತದೆ. ದಿನವೂ ತಲೆಸ್ನಾನ ಮಾಡುತ್ತಿದ್ದವರು ವಾರಕ್ಕೊಮ್ಮೆಗೆ ಇಳಿಸಿದರೆ, ಉದುರಿ ಜಡೆಯೊಳಗೇ ಸಿಕ್ಕಿಕೊಂಡಿದ್ದ ಕೂದಲು ಆ ಒಂದು ದಿನ ಒಟ್ಟಿಗೆ ಬರುತ್ತದೆ. ಉದ್ದ ಕೂದಲಿನವರಿಗೆ ಅಂಥ ದಿನ ಇನ್ನೂರು ಮುನ್ನೂರು ಕೂದಲಿನ ಉಂಡೆ ಬಂದರೂ ಗಾಬರಿಪಡುವ ಹಾಗಿಲ್ಲ. ಕೂದಲು ಉದುರುತ್ತದೆಂಬ ಹೆದರಿಕೆಯಿಂದ ತಲೆ ತೊಳೆಯುವುದನ್ನೇ ಮುಂದೂಡುವವರು ಈ ಉಂಡೆಯನ್ನು ತಾವೇ ದೊಡ್ಡದು ಮಾಡುತ್ತಾರೆ. ತೊಳೆಯುವುದರಿಂದ ಬೀಳುವುದು ಹೇಗೂ ಬೀಳಲಿದ್ದ ಕೂದಲು. ಎಣಿಸುತ್ತ ಕೂರುವ ಬದಲು ವಾರಕ್ಕೊಂದು ದಿನ, ತಲೆಸ್ನಾನಕ್ಕೆ ಮುಂಚೆ, ಅದೇ ಬಾಚಣಿಗೆಯಿಂದ ಒಂದು ನಿಮಿಷ ಬಾಚಿ, ಬಂದದ್ದನ್ನು ಒಂದು ಲಕೋಟೆಯಲ್ಲಿಟ್ಟು ತಾರೀಕು ಬರೆಯಿರಿ. ಆರು ವಾರದ ಲಕೋಟೆಗಳನ್ನು ಪಕ್ಕಪಕ್ಕ ಇಟ್ಟರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಾನಾಗಿ ತಿಳಿಯುತ್ತದೆ. ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ.

ತುಂಡು ಕೂದಲೇ ಹೆಚ್ಚಿದ್ದವರು ಮಾತ್ರ ನೀರಿಗೆ ಏನಾದರೂ ಮಾಡಬೇಕು. ಷವರಿಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳಲ್ಲಿ ಬಹುಪಾಲು ಕ್ಲೋರಿನ್, ವಾಸನೆ ತೆಗೆಯುವಂಥವು. ಕರಗಿದ ಕ್ಯಾಲ್ಸಿಯಂ ಅವುಗಳಿಂದ ಹೋಗುವುದಿಲ್ಲ. ಅದನ್ನು ತೆಗೆಯುವುದು ಆಗಾಗ ಉಪ್ಪು ಹಾಕಿ ತೊಳೆಯಬೇಕಾದ ವಾಟರ್ ಸಾಫ್ಟ್‌ನರ್ ಯಂತ್ರ. ಬಾಡಿಗೆ ಕೋಣೆಯಲ್ಲಿರುವವರಿಗೆ ಅಷ್ಟು ಬೇಕಿಲ್ಲ. ತಲೆ ತೊಳೆದಮೇಲೆ ಕೊನೆಯ ಎರಡು ಚೊಂಬು ಮಾತ್ರ ಆರ್‌ಒ ನೀರು ಹೊಯ್ದುಕೊಂಡರೆ ಸಾಕು. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಕೂದಲಿನ ಉದ್ದಕ್ಕೆ ಸುರಿದು, ಆಮೇಲೆ ತೊಳೆದುಕೊಂಡರೆ ಅಂಟಿದ ಸುಣ್ಣ ಸಡಿಲವಾಗುತ್ತದೆ. ನೀರು ಬೆರೆಸದ ನಿಂಬೆರಸವನ್ನು ನೇರವಾಗಿ ತಲೆಬುರುಡೆಗೆ ತಿಕ್ಕಬೇಡಿ, ಚರ್ಮ ಉರಿಯುತ್ತದೆ. ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ರೂಢಿ ಒಳ್ಳೆಯದೇ: ಅದು ಎಳೆಯೊಳಗೆ ಇಳಿದು, ತೊಳೆಯುವಾಗ ಕೂದಲು ಪ್ರೋಟೀನ್ ಕಳೆದುಕೊಳ್ಳುವುದನ್ನು ತಗ್ಗಿಸುತ್ತದೆ. ಎಳೆಯನ್ನು ಕಾಯುತ್ತದೆ ಅಷ್ಟೇ, ಉದುರುವುದನ್ನು ನಿಲ್ಲಿಸುವುದಿಲ್ಲ. ಒದ್ದೆ ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕದಿದ್ದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಬಯೋಟಿನ್ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದರ ಕೊರತೆ ಅಪರೂಪ. ಆದರೆ ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಅದು ಹೆಚ್ಚು ಪ್ರಮಾಣದಲ್ಲಿದ್ದು, ಥೈರಾಯ್ಡ್ ಮುಂತಾದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿಸಬಲ್ಲದು. ಪರೀಕ್ಷೆಗೆ ಹೋಗುವ ಮುಂಚೆ, ತೆಗೆದುಕೊಳ್ಳುತ್ತಿದ್ದರೆ, ವೈದ್ಯರಿಗೆ ಹೇಳಿ.

ಕಾಯದೆ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭಗಳೂ ಇವೆ. ನಾಣ್ಯದಷ್ಟು ಅಗಲ ಒಂದೇ ಕಡೆ ನುಣ್ಣಗೆ ಬೋಳಾದರೆ, ತಲೆಯಲ್ಲಿ ನೋವು, ಕೀವು, ದಪ್ಪ ಪೊರೆ ಇದ್ದರೆ, ಹುಬ್ಬಿನ ಕೂದಲೂ ಹೋಗುತ್ತಿದ್ದರೆ, ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಬರುತ್ತಿದ್ದರೆ ಅದು ಬೇರೆ ರೋಗ. ಆರು ತಿಂಗಳಾದರೂ ಉದುರುವುದು ತಗ್ಗದಿದ್ದರೂ ಹೋಗಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ವಂಶದಲ್ಲಿ ಬರುವ ಬೋಳು. ಕೆಲಸಕ್ಕೆಂದು ಊರು ಬಿಡುವ ಇಪ್ಪತ್ತೆರಡು, ಇಪ್ಪತ್ತೈದರ ವಯಸ್ಸಿನಲ್ಲೇ ಅದೂ ಶುರುವಾಗುವುದರಿಂದ ಹುಡುಗರು ಅದನ್ನು ನೀರಿನ ತಲೆಗೆ ಕಟ್ಟುತ್ತಾರೆ. ಅದರ ನಡೆ ಬೇರೆ. ಬಾಚಣಿಗೆಯಲ್ಲಿ ಉಂಡೆ ಬರದೆಯೂ ಗಂಡಸರಲ್ಲಿ ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತದೆ, ನೆತ್ತಿ ತೆಳುವಾಗುತ್ತದೆ. ಹೆಂಗಸರಲ್ಲಿ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಜ್ವರದ ನಂತರದ ಉದುರುವಿಕೆ ತಾನಾಗಿ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಚಿಕಿತ್ಸೆ ಬೇಗ ಶುರುಮಾಡಿದಷ್ಟೂ ಉಳಿಯುವುದು ಹೆಚ್ಚು. ಅದರ ಮೊದಲ ಔಷಧ ಮಿನಾಕ್ಸಿಡಿಲ್ ಹಚ್ಚಿದ ಆರಂಭದ ವಾರಗಳಲ್ಲಿ ಕೂದಲು ಇನ್ನಷ್ಟು ಉದುರುವುದುಂಟು, ಹಾಗಾಗಿ ಅದನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಹಚ್ಚಿ, ಹೆದರಿ ನಡುವೆ ಬಿಡುವುದು ಎರಡೂ ತಪ್ಪು.

ಉದುರುವುದು ನಿಂತಮೇಲೂ ಜಡೆ ಕೂಡಲೇ ದಪ್ಪವಾಗುವುದಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹೊಸ ಕೂದಲು ತಿಂಗಳಿಗೆ ಒಂದೇ ಸೆಂಟಿಮೀಟರ್. ಬುಡ ಆರು ತಿಂಗಳಿಗೆ ತುಂಬಿದಂತೆ ಕಂಡರೂ, ಹೊಸ ಎಳೆಗಳು ಭುಜ ಮುಟ್ಟಲು ಎರಡು ಮೂರು ವರ್ಷ ಬೇಕು, ಸೊಂಟದವರೆಗಿನ ಜಡೆಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಜಡೆಯ ತುದಿ ಇಲಿಬಾಲದಂತಿರುವುದನ್ನು ನೋಡಿ ಇನ್ನೂ ಉದುರುತ್ತಿದೆ ಎಂದು ಕೊರಗುವವರಿದ್ದಾರೆ. ತುದಿಯ ತೆಳು ಹಳೆಯ ಲೆಕ್ಕ. ಈಗಿನದನ್ನು ತಿಳಿಯಲು ಬೈತಲೆಯ ಬಳಿ, ಬುಡದಲ್ಲಿ ನೋಡಬೇಕು. ಅಕ್ಕನ ಮಗಳು ತುದಿಯ ಒಂದು ಗೇಣನ್ನು ಕತ್ತರಿಸಿಕೊಂಡಳು, ಜಡೆ ಬುಡದಿಂದ ತುದಿಯವರೆಗೆ ಒಂದೇ ದಪ್ಪಕ್ಕೆ ಬಂತು.